ಪೋರ್ಟ್ರೇಟ್ ಮೋಡ್ ಫೋಟೋದಲ್ಲಿ ಕೂದಲಿನ ಅಂಚು ಕೆಟ್ಟಿದೆ: ಫೇಕ್ ಅನ್ನುವ ಮುಂಚೆ ಪರೀಕ್ಷಿಸುವ ಕ್ರಮ

ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದ ಫೋಟೋವನ್ನು ‘ಇದು ಎಡಿಟ್ ಮಾಡಿದ ಫೋಟೋನಾ, ಸ್ವಲ್ಪ ನೋಡಿ’ ಎಂದು ಕಳಿಸುವವರು ಬಹುತೇಕ ಒಂದೇ ಜಾಗಕ್ಕೆ ಕೆಂಪು ವೃತ್ತ ಎಳೆದಿರುತ್ತಾರೆ. ಕಿವಿಯ ಪಕ್ಕದ ಕೂದಲು. ಅಲ್ಲಿ ಕೂದಲು ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುತ್ತದೆ, ಅಥವಾ ತಲೆಯ ಸುತ್ತ ಒಂದು ತೆಳುವಾದ ಪಟ್ಟಿ ಮಾತ್ರ ಮಸುಕಾಗದೆ ಉಳಿದಿರುತ್ತದೆ. ಅಷ್ಟು ಸಾಕು, ‘ಅಂಟಿಸಿದ್ದಾರೆ’ ಎಂಬ ತೀರ್ಪು ಬಂದುಬಿಡುತ್ತದೆ.

ತಪ್ಪಾಗುತ್ತಿರುವುದು ನೋಡುವ ಕ್ರಮದಲ್ಲಿ. ಮೊದಲು ಕೂದಲು ನೋಡುತ್ತಾರೆ, ಅಭಿಪ್ರಾಯ ಕಟ್ಟಿಕೊಳ್ಳುತ್ತಾರೆ, ಆಮೇಲೆ ಉಳಿದದ್ದೆಲ್ಲ ಆ ಅಭಿಪ್ರಾಯಕ್ಕೆ ಹೊಂದುವ ಹಾಗೇ ಕಾಣುತ್ತದೆ. ಕೂದಲನ್ನು ನೋಡಬೇಕು, ನಿಜ. ಆದರೆ ಅದರ ಸರದಿ ಬರುವುದು ನಾಲ್ಕನೇ ಹಂತದಲ್ಲಿ.

ಉದಾಹರಣೆಗೆ ನಾನೇ ಪರೀಕ್ಷಿಸಿದ ಒಂದು ಫೋಟೋವನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳುತ್ತೇನೆ. ಪರಿಚಯದ ಒಬ್ಬ ಹುಡುಗಿ ಇಟ್ಟಿಗೆ ಗೋಡೆಯ ಮುಂದೆ ನಿಂತಿದ್ದಾಳೆ. ಗುಂಗುರು ಕೂದಲು. ಗೋಡೆಯ ಒಂದು ಪಕ್ಕದಲ್ಲಿ ಕಡು ಹಸಿರು ಬಳ್ಳಿ ಹಬ್ಬಿದೆ. ಅವಳು ಅಲ್ಲಿಗೆ ಬಂದೇ ಇರಲಿಲ್ಲ, ಬೇರೆ ಕಡೆ ತೆಗೆದ ಫೋಟೋದಿಂದ ಕತ್ತರಿಸಿ ಗೋಡೆಯ ಮುಂದೆ ಅಂಟಿಸಿದ್ದಾರೆ ಅನ್ನುವುದು ಆರೋಪ. ಸಾಕ್ಷಿಯಾಗಿ ಕೊಟ್ಟಿದ್ದು ಎರಡು ವೃತ್ತ. ಚಿತ್ರದ ಎಡಗಡೆ ಕೂದಲಿನ ಪಕ್ಕ ಇಟ್ಟಿಗೆ ಸ್ಪಷ್ಟವಾಗಿ ಉಳಿದಿರುವ ಒಂದು ಪಟ್ಟಿ, ಬಲಗಡೆ ಬಳ್ಳಿಯ ಮುಂದೆ ಮಾಯವಾದ ಗುಂಗುರು ತುದಿಗಳು.

## ಶುರು ಮಾಡುವ ಮುಂಚೆ ಇವು ಕೈಯಲ್ಲಿರಲಿ

ಫೋನಿನಿಂದ ನೇರವಾಗಿ ಬಂದ ಮೂಲ ಫೈಲ್ ಬೇಕು. ಸ್ವಲ್ಪ ದೊಡ್ಡ ಪರದೆಯ ಕಂಪ್ಯೂಟರ್ ಬೇಕು, ಯಾಕೆಂದರೆ ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡುವಾಗ ಎಷ್ಟು ಪಟ್ಟು ಹಿಗ್ಗಿಸಿದ್ದೀರಿ ಅನ್ನುವ ಲೆಕ್ಕವೇ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಫೋಟೋ ಫೈಲಿನೊಳಗಿನ ಮಾಹಿತಿ ಓದುವ `exiftool` ಎಂಬ ಉಚಿತ ತಂತ್ರಾಂಶ ಇರಲಿ. ಸಾಧ್ಯವಾದರೆ ಫೋಟೋ ತೆಗೆದ ಅದೇ ಫೋನು ಅರ್ಧ ಗಂಟೆ ಸಿಗುವ ಹಾಗೆ ಮಾಡಿಕೊಳ್ಳಿ. ಅದು ಸಿಕ್ಕರೆ ಕೆಲಸ ಅರ್ಧ ಮುಗಿದ ಹಾಗೆ.

## ಹಂತ 1: ಮೂಲ ಫೈಲನ್ನೇ ತರಿಸಿಕೊಳ್ಳಿ

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದು ಈ ಕೆಲಸಕ್ಕೆ ಸಾಲದು. ಕಳಿಸುವಾಗ ಚಿತ್ರ ಚಿಕ್ಕದಾಗುತ್ತದೆ, ಮತ್ತೆ ಕುಗ್ಗಿಸಿ ಉಳಿಸಲಾಗುತ್ತದೆ, ಫೈಲಿನೊಳಗಿನ ಮಾಹಿತಿ ಉದುರಿ ಹೋಗುತ್ತದೆ. ಹಾಗೆ ಕುಗ್ಗಿದಾಗ ಕೂದಲಿನ ಸುತ್ತ ಚೌಕ ಚೌಕವಾದ ಕಲೆಗಳು ಹುಟ್ಟುತ್ತವೆ. ಜನ ‘ಅಂಟಿಸಿದ ಗುರುತು’ ಅಂತ ತೋರಿಸುವುದು ಎಷ್ಟೋ ಸಲ ಇವನ್ನೇ.

ಅದೇ ಆ್ಯಪ್‌ನಲ್ಲಿ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಇಲ್ಲವೇ ಕೇಬಲ್ ಹಾಕಿ ಫೋನಿನಿಂದ ನೇರವಾಗಿ ನಕಲು ಮಾಡಿಕೊಳ್ಳಿ. ಐಫೋನ್ ಆದರೆ ಫೈಲಿನ ಹೆಸರು ಸಾಮಾನ್ಯವಾಗಿ `.HEIC` ಎಂದು ಮುಗಿದಿರಬೇಕು. ಕಳಿಸುವ ದಾರಿಯಲ್ಲಿ ಅದು `.JPG` ಆಗಿ ಬದಲಾಗಿದ್ದರೆ ಒಳಗಿನ ಎಷ್ಟೋ ಮಾಹಿತಿ ಕಳೆದುಹೋಗಿರಬಹುದು.

ಎಚ್ಚರ: ಸ್ಕ್ರೀನ್‌ಶಾಟ್ ಮಾತ್ರ ಸಿಕ್ಕಿದೆ, ಬೇರೇನೂ ಸಿಗುವ ದಾರಿ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಸ್ಕ್ರೀನ್‌ಶಾಟ್‌ನ ಕೂದಲು ನೋಡಿ ಯಾವ ಕಡೆಗೂ ತೀರ್ಪು ಕೊಡಲು ಬರುವುದಿಲ್ಲ.

## ಹಂತ 2: ಮಸುಕು ಲೆನ್ಸಿನದಾ, ತಂತ್ರಾಂಶದ್ದಾ?

ಫೋನಿನ ಲೆನ್ಸು ತುಂಬ ಚಿಕ್ಕದು. ಅದರ ನಿಜವಾದ ಫೋಕಲ್ ಲೆಂತ್ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್. ಹಾಗಾಗಿ ಮುಂದೆ ನಿಂತ ಮನುಷ್ಯ, ಹಿಂದಿನ ಗೋಡೆ ಎರಡೂ ಹೆಚ್ಚು ಕಡಿಮೆ ಸ್ಪಷ್ಟವಾಗಿಯೇ ಬರುತ್ತವೆ. ಪೋರ್ಟ್ರೇಟ್ ಮೋಡ್‌ನಲ್ಲಿ ಕಾಣುವ ದಟ್ಟ ಮಸುಕು ಫೋಟೋ ತೆಗೆದ ಮೇಲೆ ಲೆಕ್ಕ ಹಾಕಿ ಬಳಿದದ್ದು. ಯಾವ ಜಾಗ ಎಷ್ಟು ದೂರ ಇದೆ ಎಂದು ಫೋನು ಮೊದಲು ಅಂದಾಜು ಮಾಡುತ್ತದೆ. ಆ ಅಂದಾಜನ್ನು ಬಿಳಿ, ಕಪ್ಪು, ಬೂದು ಬಣ್ಣಗಳ ಒಂದು ಚಿತ್ರವಾಗಿ ಇಟ್ಟುಕೊಳ್ಳುತ್ತದೆ. ಇದನ್ನೇ ಡೆಪ್ತ್ ಮ್ಯಾಪ್ ಅನ್ನುತ್ತಾರೆ. ಅದರಲ್ಲಿ ದೂರ ಎಂದು ಗುರುತಾದ ಜಾಗಕ್ಕೆಲ್ಲ ಮಸುಕು ಬಳಿಯುತ್ತದೆ.

ಅಂದರೆ ಪೋರ್ಟ್ರೇಟ್ ಮೋಡ್ ಫೋಟೋದಲ್ಲಿ ‘ತಂತ್ರಾಂಶ ಕೈ ಆಡಿಸಿದೆ’ ಅನ್ನುವುದು ಯಾವಾಗಲೂ ನಿಜ. ಫೋನೇ ಆ ಕೆಲಸ ಮಾಡಿದೆ. ಯಾರೋ ಕೂತು ಮೋಸ ಮಾಡಿದ್ದಾರೆ ಅನ್ನುವುದು ಪೂರ್ತಿ ಬೇರೆ ಮಾತು.

ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, `photo.HEIC` ಇರುವ ಕಡೆ ನಿಮ್ಮ ಫೈಲಿನ ಹೆಸರು ಹಾಕಿ, ಫೈಲನ್ನು ಹೀಗೆ ಕೇಳಿ ನೋಡಿ:

```
exiftool -s -CustomRendered -Make -Model -LensModel -Software photo.HEIC
```

ಐಫೋನಿನ ಪೋರ್ಟ್ರೇಟ್ ಫೋಟೋಗಳಲ್ಲಿ `CustomRendered` ಎಂಬ ಸಾಲಿನ ಮುಂದೆ `Portrait` ಅಥವಾ `Portrait HDR` ಎಂದು ಬರುವುದುಂಟು. ಬೇರೆ ಫೋನುಗಳಲ್ಲಿ ಗುರುತು ಬೇರೆ ಬೇರೆ ರೀತಿ ಇರುತ್ತದೆ. ಅವಕ್ಕೆ ಇದು:

```
exiftool -a -G1 -s photo.jpg
```

ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ `Depth`, `Portrait` ಎಂಬ ಪದಗಳನ್ನು ಹುಡುಕಿ. ನಮ್ಮ ಇಟ್ಟಿಗೆ ಗೋಡೆಯ ಫೋಟೋದಲ್ಲಿ `Portrait` ಎಂದು ನೇರವಾಗಿಯೇ ಬಂತು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಮೊದಲನೆಯದು, ಗುರುತು ಸಿಗಲಿಲ್ಲ ಅಂದ ತಕ್ಷಣ ಫೇಕ್ ಅನ್ನುವುದು. ಗುರುತು ದಾರಿಯಲ್ಲಿ ಉದುರಿ ಹೋಗಿರಬಹುದು, ಆ ಫೋನು ಗುರುತು ಬರೆಯದೆಯೂ ಇರಬಹುದು. ಎರಡನೆಯದು ಇದರ ತಿರುಗು ಮುರುಗು. ಗುರುತು ಸಿಕ್ಕಿತು, ಹಾಗಾದರೆ ಫೋಟೋ ಅಸಲಿ ಅನ್ನುವುದು. ಈ ಸಾಲುಗಳನ್ನು ಯಾರು ಬೇಕಾದರೂ ಬದಲಿಸಬಹುದು. ಇದೇ `exiftool` ಆ ಕೆಲಸವನ್ನೂ ಮಾಡಿಕೊಡುತ್ತದೆ. ಮಸುಕು ಎಲ್ಲಿಂದ ಬಂದಿರಬಹುದು ಎಂಬ ಸುಳಿವು ಮಾತ್ರ ಇದರಿಂದ ಸಿಗುತ್ತದೆ.

ಇನ್ನೊಂದು ಮಾತು. ‘ನಾನು ಪೋರ್ಟ್ರೇಟ್ ಮೋಡ್ ಹಾಕಿರಲೇ ಇಲ್ಲ’ ಎಂದು ಫೋಟೋ ತೆಗೆದವರು ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. 2023ರ ಐಫೋನ್ 15ರಿಂದ ಈಚೆಗೆ, ಎದುರಿಗೆ ಮನುಷ್ಯರಿದ್ದರೆ ಮಾಮೂಲಿ ಫೋಟೋ ಮೋಡ್‌ನಲ್ಲೂ ಫೋನು ತಾನಾಗಿಯೇ ದೂರದ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ. ಮಸುಕನ್ನು ಆಮೇಲೆ ಹಾಕಿಕೊಳ್ಳಬಹುದು. ಹಳೆಯ ಫೋಟೋಗೂ ಹಿನ್ನೆಲೆ ಮಸುಕು ಮಾಡಿಕೊಡುವ ಆ್ಯಪ್‌ಗಳು ಬೇರೆ ಇವೆ.

## ಹಂತ 3: ಕೂದಲು ಬಿಟ್ಟು ಉಳಿದ ಅಂಚುಗಳನ್ನು ನೋಡಿ

ಈಗ ಚಿತ್ರವನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆಯಿರಿ. ಕೂದಲಿನ ಕಡೆ ಇನ್ನೂ ಹೋಗಬೇಡಿ. ಭುಜ, ತೋಳು, ಕೈ ಸೊಂಟದ ನಡುವಿನ ಸಂದು, ಕನ್ನಡಕದ ಚೌಕಟ್ಟು, ಕಾಲಿನ ಕೆಳಗಿನ ನೆಲ, ಇವನ್ನು ನೋಡಿ.

ನೆಲ ಕಾಣುತ್ತಿದ್ದರೆ ಅದು ತುಂಬ ಹೇಳುತ್ತದೆ. ಕಾಲಿನ ಹತ್ತಿರ ನೆಲ ಸ್ಪಷ್ಟವಾಗಿದ್ದು ಹಿಂದೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಮಸುಕಾದರೆ ಅಲ್ಲಿ ದೂರದ ಅಳತೆ ಬಳಕೆಯಾಗಿದೆ. ಪಾದದ ಪಕ್ಕದಲ್ಲೇ ನೆಲವೆಲ್ಲ ಒಂದೇ ಸಮ ಮಸುಕಾಗಿ, ಮನುಷ್ಯ ತೇಲುತ್ತಿರುವ ಹಾಗೆ ಕಂಡರೆ, ತಂತ್ರಾಂಶ ದೂರ ಅಳೆದಿಲ್ಲ. ‘ಇದು ಮನುಷ್ಯ, ಉಳಿದದ್ದು ಹಿನ್ನೆಲೆ’ ಎಂದು ಎರಡೇ ಭಾಗ ಮಾಡಿದೆ. ವಿಡಿಯೋ ಕರೆಯಲ್ಲಿ ಹಿನ್ನೆಲೆ ಮಸುಕಾಗುವುದು ಹೀಗೆಯೇ. ತೇಲಿದ ಹಾಗೆ ಕಾಣುವುದು ಅಂಟಿಸಿದ್ದರ ಸಾಕ್ಷಿ ಅಲ್ಲ.

ತೋಳಿನ ಸಂದಿನಲ್ಲಿ ಹಿನ್ನೆಲೆ ಸ್ಪಷ್ಟವಾಗಿ ಉಳಿದಿದೆಯಾ? ಕನ್ನಡಕದ ಕಡ್ಡಿ ಕಿವಿಯ ಹತ್ತಿರ ಕರಗಿದೆಯಾ? ಇವು ಕಂಡರೆ ಬರೆದಿಟ್ಟುಕೊಳ್ಳಿ. ಕೂದಲಿನಲ್ಲಿ ಆದ ತಪ್ಪೇ ಬೇರೆ ಸಂದುಗಳಲ್ಲೂ ಆಗಿದ್ದರೆ, ಎಲ್ಲದಕ್ಕೂ ಕಾರಣ ಒಂದೇ ಆಗಿರುವ ಸಾಧ್ಯತೆ ಜಾಸ್ತಿ. ಹುಡುಗಿಯ ಫೋಟೋದಲ್ಲಿ ಬಲ ಮೊಣಕೈ ಮತ್ತು ಸೊಂಟದ ನಡುವಿನ ತ್ರಿಕೋನದಲ್ಲಿ ಇಟ್ಟಿಗೆ ಸ್ಪಷ್ಟವಾಗಿ ಉಳಿದಿತ್ತು. ಆರೋಪ ಮಾಡಿದವರು ಅದನ್ನು ಗಮನಿಸಿಯೇ ಇರಲಿಲ್ಲ.

## ಹಂತ 4: ಈಗ ಕೂದಲು

ಈಗ ಎರಡು ಪಟ್ಟು ಹಿಗ್ಗಿಸಿ ಕೂದಲಿನ ಅಂಚಿಗೆ ಬನ್ನಿ. ಕೂದಲಿನಲ್ಲೇ ಯಾಕೆ ಕೆಡುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ ಕಂಡದ್ದನ್ನು ಓದಲು ಆಗುವುದಿಲ್ಲ. ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ.

ಫೋಟೋ 4032 ಪಿಕ್ಸೆಲ್ ಅಗಲ. ಫೋನನ್ನು ಅಡ್ಡ ಹಿಡಿದು ತೆಗೆದದ್ದು. ಹುಡುಗಿ ನಿಂತ ಜಾಗದಲ್ಲಿ ಚೌಕಟ್ಟಿನ ಅಗಲ ಸುಮಾರು ಒಂದು ಮೀಟರ್. ಅಂದರೆ ಒಂದು ಪಿಕ್ಸೆಲ್ ಅಂದಾಜು ಕಾಲು ಮಿಲಿಮೀಟರ್ ಜಾಗವನ್ನು ಹಿಡಿಯುತ್ತದೆ. ಡೆಪ್ತ್ ಮ್ಯಾಪ್ ಇಷ್ಟು ದೊಡ್ಡದಾಗಿರುವುದಿಲ್ಲ. ಎರಡು ಲೆನ್ಸಿನ ಐಫೋನ್‌ಗಳಲ್ಲಿ ಅದು 768 × 576 ಅಳತೆಯಲ್ಲಿ ಸಿಗುತ್ತಿತ್ತು. ಆ ಲೆಕ್ಕದಲ್ಲಿ ಮ್ಯಾಪಿನ ಒಂದೊಂದು ಮನೆ ಫೋಟೋದ ಐದು ಪಿಕ್ಸೆಲ್‌ಗಿಂತ ಅಗಲ. ನಿಜವಾದ ಅಳತೆಯಲ್ಲಿ ಸುಮಾರು 1.3 ಮಿಲಿಮೀಟರ್. ಒಂದು ಕೂದಲಿನ ದಪ್ಪ 0.07 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಮ್ಯಾಪಿನ ಒಂದು ಮನೆಯಲ್ಲಿ ಹದಿನೆಂಟು ಕೂದಲು ಪಕ್ಕ ಪಕ್ಕ ನಿಲ್ಲಬಹುದು. ಒಂಟಿ ಎಳೆಯೊಂದು ಆ ಮನೆಯೊಳಗೆ ಹಾದು ಹೋದರೆ, ಆ ಮನೆಯ ಬಹುಪಾಲು ಹಿಂದಿನ ಗೋಡೆಯೇ. ಅದನ್ನು ‘ಹತ್ತಿರ’ ಅನ್ನಬೇಕಾ, ‘ದೂರ’ ಅನ್ನಬೇಕಾ? ಎರಡರಲ್ಲಿ ಯಾವುದನ್ನು ಬರೆದರೂ ಅರ್ಧ ತಪ್ಪೇ.

ಮುಂದೆ ಈ ಚಿಕ್ಕ ಮ್ಯಾಪನ್ನು ಫೋಟೋದ ಅಳತೆಗೆ ಹಿಗ್ಗಿಸಬೇಕು. ಅಂಚು ಎಲ್ಲಿ ಬರಬೇಕು ಎಂದು ತಿಳಿಯಲು ತಂತ್ರಾಂಶ ಫೋಟೋದ ಬಣ್ಣವನ್ನೇ ನೋಡುತ್ತದೆ. ಬಣ್ಣ ಥಟ್ಟನೆ ಬದಲಾದ ಕಡೆ ವಸ್ತು ಮುಗಿಯಿತು ಎಂದುಕೊಳ್ಳುತ್ತದೆ. ಕಪ್ಪು ಕೂದಲಿನ ಹಿಂದೆ ಕಡು ಹಸಿರು ಎಲೆ ಇದ್ದರೆ ಬಣ್ಣ ಬದಲಾಗುವುದೇ ಗೊತ್ತಾಗುವುದಿಲ್ಲ. ಆಗ ಗುಂಗುರಿನ ತುದಿಯೂ ಎಲೆಯ ಜೊತೆ ಸೇರಿ ಮಸುಕಾಗಿಬಿಡುತ್ತದೆ. ಚಿತ್ರದ ಬಲಗಡೆ ಹುಡುಗಿಯ ಕೂದಲು ‘ಕತ್ತರಿಸಿದ’ ಹಾಗೆ ಕಂಡದ್ದು ಸರಿಯಾಗಿ ಬಳ್ಳಿಯ ಮುಂದೆ ಮಾತ್ರ. ಬಳ್ಳಿ ಮುಗಿದು ಇಟ್ಟಿಗೆ ಶುರುವಾದ ಕಡೆ ಅದೇ ಗುಂಗುರಿನ ತುದಿಗಳು ಸರಿಯಾಗಿಯೇ ಇದ್ದವು.

ಎಡಗಡೆಯ ಪಟ್ಟಿಗೆ ಕಾರಣ ಬೇರೆ. ಒಂದು ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳಿನ ಹಿಂದೆ ಮರೆಯಾಗುವ ಗೋಡೆಯ ಭಾಗ ಬದಲಾಗುತ್ತದೆ ಅಲ್ವಾ? ಎರಡು ಲೆನ್ಸಿನ ಫೋನಿನಲ್ಲೂ ಹೀಗೆಯೇ. ತಲೆಯ ಒಂದು ಪಕ್ಕದಲ್ಲಿ ಗೋಡೆಯ ಒಂದು ಪಟ್ಟಿ ಮುಖ್ಯ ಲೆನ್ಸಿಗೆ ಕಾಣುತ್ತದೆ, ಎರಡನೇ ಲೆನ್ಸಿಗೆ ಕಾಣುವುದಿಲ್ಲ. ದೂರ ಅಳೆಯಲು ಎರಡೂ ಲೆನ್ಸಿಗೆ ಅದೇ ಜಾಗ ಕಾಣಲೇಬೇಕು. ಕಾಣದ ಪಟ್ಟಿಗೆ ಫೋನು ಪಕ್ಕದ ದೂರವನ್ನೇ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿರುವುದು ತಲೆ. ಹಾಗಾಗಿ ಗೋಡೆಯ ಪಟ್ಟಿಯೂ ‘ಹತ್ತಿರ’ ಎಂದಾಗಿ ಸ್ಪಷ್ಟವಾಗಿ ಉಳಿದುಬಿಡುತ್ತದೆ.

ಆ ಪಟ್ಟಿಯ ಅಗಲವನ್ನೂ ಅಂದಾಜು ಮಾಡಬಹುದು. ಲೆನ್ಸುಗಳ ನಡುವೆ ಒಂದು ಸೆಂಟಿಮೀಟರ್, ಹುಡುಗಿ ಒಂದೂವರೆ ಮೀಟರ್ ದೂರ, ಗೋಡೆ ನಾಲ್ಕೂವರೆ ಮೀಟರ್ ದೂರ ಎಂದು ಇಟ್ಟುಕೊಂಡರೆ, ತಲೆಯ ಪಕ್ಕದಲ್ಲಿ ಸುಮಾರು ಏಳು ಮಿಲಿಮೀಟರ್ ಬರುತ್ತದೆ. ಫೋಟೋದಲ್ಲಿ 27 ಪಿಕ್ಸೆಲ್ ಹತ್ತಿರ. ನಾನು ಅಳೆದಾಗ ಎಡಗಡೆಯ ಪಟ್ಟಿ 25ರಿಂದ 30 ಪಿಕ್ಸೆಲ್ ಇತ್ತು. ಬಲಗಡೆ ಇಟ್ಟಿಗೆಯ ಮುಂದೆ ಹತ್ತು ಪಿಕ್ಸೆಲ್ ಕೂಡ ಇರಲಿಲ್ಲ.

ಒಂದೇ ಲೆನ್ಸಿನಲ್ಲಿ ಈ ಕೆಲಸ ಮಾಡುವ ಫೋನುಗಳೂ ಇವೆ. 2017ರ ಪಿಕ್ಸೆಲ್ 2ರಲ್ಲಿ ಒಂದೇ ಲೆನ್ಸಿನ ಎಡ ಬಲ ಅರ್ಧಗಳಿಂದ ಬಂದ ಬೆಳಕನ್ನು ಹೋಲಿಸಿ ದೂರ ಅಳೆಯುತ್ತಿದ್ದರು. ಆ ಎರಡು ನೋಟಗಳ ನಡುವಿನ ಅಂತರ ಒಂದು ಮಿಲಿಮೀಟರ್ ಆಸುಪಾಸು ಅಷ್ಟೆ. ಅಂಥವುಗಳಲ್ಲಿ ಮರೆಯಾಗುವ ಪಟ್ಟಿ ತೀರಾ ಸಣ್ಣದು. ಮನುಷ್ಯನ ಆಕಾರವನ್ನು ಗುರುತಿಸಿ ಬಿಡಿಸುವಾಗ ಆಗುವ ತಪ್ಪುಗಳೇ ಅಲ್ಲಿ ಎದ್ದು ಕಾಣುತ್ತವೆ. ತಲೆಯಿಂದ ಹಾರಿದ ಒಂಟಿ ಎಳೆ, ಹೂವು, ಟೋಪಿಯ ಅಂಚು, ಇವನ್ನು ಮನುಷ್ಯನಿಗೆ ಸೇರಿದ್ದಲ್ಲ ಎಂದು ಬಿಟ್ಟುಬಿಡುತ್ತದೆ.

## ಹಂತ 5: ಆ ಪಟ್ಟಿ ಯಾವ ಹಿನ್ನೆಲೆಯದು?

ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಮುಖ್ಯವಾದ ಹಂತ ಇದು. ಇದನ್ನು ಮಾಡುವವರೇ ಕಡಿಮೆ.

ಕೂದಲಿನ ಪಕ್ಕ ಸ್ಪಷ್ಟವಾಗಿ ಉಳಿದ ಪಟ್ಟಿಯನ್ನು ನಾಲ್ಕು ಪಟ್ಟು ಹಿಗ್ಗಿಸಿ. ಪಟ್ಟಿಯೊಳಗೆ ಏನಿದೆ ಎಂದು ನೋಡಿ. ಅದು ಮಸುಕಾದ ಹಿನ್ನೆಲೆಯ ಮುಂದುವರಿಕೆಯಾ, ಅಥವಾ ಬೇರೆ ಯಾವುದೋ ಜಾಗದ ತುಣುಕಾ?

ಚಿತ್ರದ ಎಡಗಡೆ, ಹುಡುಗಿಯ ಕಿವಿಯ ಸ್ವಲ್ಪ ಮೇಲೆ, ಒಂದು ಗುಂಗುರು ಸುರುಳಿಯಾಗಿ ಹೊರಗೆ ಬಂದಿತ್ತು. ಆ ಸುರುಳಿಯ ತೂತಿನಲ್ಲಿ ಎರಡು ಇಟ್ಟಿಗೆಗಳ ನಡುವಿನ ಗಾರೆಯ ಗೆರೆ ಕಾಣುತ್ತಿತ್ತು. ಬೂದು ಬಣ್ಣ, ಚೂಪಾದ ಅಂಚು. ಆ ಗೆರೆಯನ್ನು ಹಿಡಿದು ಎಡಕ್ಕೆ ಹೋದೆ. ಸುರುಳಿ ದಾಟಿದ ಮೇಲೂ ಪಟ್ಟಿಯ ಒಳಗೆ ಗೆರೆ ಸ್ಪಷ್ಟವಾಗಿಯೇ ಇತ್ತು. ಪಟ್ಟಿ ಮುಗಿದ ಕಡೆ ಗೆರೆ ಹರಡಿ ಮಸುಕಾಯಿತು. ಆದರೆ ಎತ್ತರ ಬದಲಾಗಲಿಲ್ಲ, ಇಳಿಜಾರು ಬದಲಾಗಲಿಲ್ಲ, ಬಣ್ಣವೂ ಅದೇ. ಪಟ್ಟಿಯ ಮೇಲೆ ಕೆಳಗೆ ಇದ್ದ ಇನ್ನೂ ನಾಲ್ಕು ಗೆರೆಗಳನ್ನು ಹೀಗೆಯೇ ಹಿಡಿದು ನೋಡಿದೆ. ನಾಲ್ಕೂ ಹಾಗೆಯೇ ನೇರವಾಗಿ ಮಸುಕಿನೊಳಗೆ ಹೋಗುತ್ತಿದ್ದವು.

ಬೇರೆ ಫೋಟೋದಿಂದ ಒರಟಾಗಿ ಕತ್ತರಿಸಿ ತಂದಿದ್ದರೆ ಕೂದಲಿನ ಜೊತೆ ಹಳೆಯ ಹಿನ್ನೆಲೆ ಅಂಟಿಕೊಂಡು ಬರುತ್ತದೆ. ಬಿಳಿ ಗೋಡೆ, ಆಕಾಶದ ನೀಲಿ, ಹುಲ್ಲಿನ ಹಸಿರು, ಹೀಗೆ ಸುತ್ತಲಿನ ಯಾವುದಕ್ಕೂ ಹೊಂದದ ಬಣ್ಣದ ಅಂಚು. ಅದು ಎದ್ದು ಕಂಡರೆ ಅನುಮಾನ ಪಡಲು ಕಾರಣ ಇದೆ.

ಆದರೆ ಬಣ್ಣದ ಅಂಚನ್ನು ಓದುವಾಗಲೂ ಎಡವಬಹುದು. ಕೂದಲಿನ ಹೊರಗೆ ಕಪ್ಪು ಹೊಗೆಯ ಹಾಗೆ ಕಂಡರೆ, ಮಸುಕು ಬಳಿಯುವಾಗ ಕೂದಲಿನ ಕಪ್ಪೇ ಹೊರಗೆ ಹರಡಿರಬಹುದು. ಬೆಳ್ಳಗಿನ ತೆಳು ಗೆರೆ ಕಂಡರೆ, ಫೋನು ಚಿತ್ರವನ್ನು ಚೂಪು ಮಾಡುವಾಗ ಹುಟ್ಟಿದ್ದಿರಬಹುದು. ಇವೆರಡೂ ಪೋರ್ಟ್ರೇಟ್ ಇಲ್ಲದ ಫೋಟೋಗಳಲ್ಲೂ ಭುಜ, ಮರ, ಕಟ್ಟಡದ ಅಂಚಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಸಿಗುತ್ತವೆ. ಕಪ್ಪು ಅಥವಾ ಬಿಳುಪು ಮಾತ್ರ ಇದ್ದರೆ ಸುಮ್ನೆ ಬರೆದಿಟ್ಟುಕೊಂಡು ಮುಂದೆ ಹೋಗಿ.

ಈ ಹಂತದ ಮಿತಿ ಗೊತ್ತಿರಲಿ. ಯಾರಾದರೂ ಮೊದಲು ಚೆನ್ನಾಗಿ ಅಂಟಿಸಿ, ಆಮೇಲೆ ಇಡೀ ಚಿತ್ರಕ್ಕೆ ಆ್ಯಪ್‌ನಿಂದ ಮಸುಕು ಹಾಕಿದರೆ, ಆಗಲೂ ಪಟ್ಟಿಯಲ್ಲಿ ಹೊಸ ಗೋಡೆಯ ಗೆರೆಯೇ ನೇರವಾಗಿ ಹೋಗುತ್ತದೆ. ಹಾಗಾಗಿ ಗೆರೆ ಹೊಂದಿದರೆ ತೀರ್ಮಾನ ಇಷ್ಟೇ: ಈ ಪಟ್ಟಿ ಅಂಟಿಸಿದ್ದಕ್ಕೆ ಸಾಕ್ಷಿ ಅಲ್ಲ. ಫೋಟೋ ಅಸಲಿ ಎಂದು ಇದರಿಂದ ಹೇಳಲು ಬರುವುದಿಲ್ಲ.

## ಹಂತ 6: ಮಸುಕು ತೆಗೆದು ನೋಡಿ

ಫೋಟೋ ತೆಗೆದವರ ಫೋನಿನಲ್ಲಿ, ಅವರ ಎದುರಿಗೇ ಇದನ್ನು ಮಾಡಿ. ಐಫೋನಿನಲ್ಲಿ ಫೋಟೋ ತೆರೆದು ಎಡಿಟ್‌ಗೆ ಹೋದರೆ `Portrait` ಎಂಬ ಆಯ್ಕೆ ಸಿಗುತ್ತದೆ, ಅದನ್ನು ಆಫ್ ಮಾಡಿ ನೋಡಿ. ಕೆಲವು ಫೋನುಗಳು ಮಸುಕಿಲ್ಲದ ಫೋಟೋವನ್ನು ಪಕ್ಕದಲ್ಲೇ ಬೇರೆ ಪ್ರತಿಯಾಗಿ ಇಟ್ಟಿರುತ್ತವೆ.

ಎಚ್ಚರ: ಮೊದಲು ಫೈಲಿನ ನಕಲು ತೆಗೆದಿಟ್ಟುಕೊಳ್ಳಿ. ನೋಡಿದ ಮೇಲೆ ಬದಲಾವಣೆಯನ್ನು ಸೇವ್ ಮಾಡದೆ ಹೊರಬನ್ನಿ. ಪರೀಕ್ಷೆ ಮಾಡಲು ಹೋಗಿ ನಾವೇ ಮೂಲವನ್ನು ಬದಲಿಸಿಬಿಟ್ಟರೆ ಆಮೇಲೆ ಅದನ್ನೇ ಎತ್ತಿ ತೋರಿಸುತ್ತಾರೆ.

ಮಸುಕು ಹೋದ ಮೇಲೆ ನಾಲ್ಕನೇ ಹಂತದಲ್ಲಿ ಕೆಟ್ಟು ಕಂಡ ಅದೇ ಜಾಗಗಳಿಗೆ ಹೋಗಿ. ಚಿತ್ರದ ಬಲಗಡೆ ಮಾಯವಾಗಿದ್ದ ಗುಂಗುರು ತುದಿಗಳು ಬಳ್ಳಿಯ ಎಲೆಗಳ ಮೇಲೆ ಪೂರ್ತಿ ಇದ್ದವು. ಒಂಟಿ ಎಳೆಗಳು ಎಲೆಯ ಅಂಚನ್ನು ದಾಟಿ ಹೋಗುತ್ತಿದ್ದವು. ಎಳೆ ತೆಳುವಾದ ಕಡೆ ಅದರ ಕಪ್ಪಿನಲ್ಲಿ ಹಿಂದಿನ ಎಲೆಯ ಹಸಿರು ಬೆರೆತಿತ್ತು, ಇಟ್ಟಿಗೆಯ ಮುಂದೆ ಇಟ್ಟಿಗೆಯ ಕೆಂಪು ಬೆರೆತಿತ್ತು. ಎಳೆ ಪಿಕ್ಸೆಲ್‌ಗಿಂತ ತೆಳುವಾದಾಗ ಒಂದೇ ಪಿಕ್ಸೆಲ್ಲಿಗೆ ಎರಡರ ಬೆಳಕೂ ಬೀಳುತ್ತದೆ. ನೂರಾರು ಎಳೆಗಳಲ್ಲಿ ಇದನ್ನು ಕೈಯಿಂದ ಮಾಡುವುದು ಅಸಾಧ್ಯ ಅಲ್ಲ, ಆದರೆ ತುಂಬ ಕಷ್ಟ. ಹಾಗಾಗಿ ಈ ಹಂತದ ತೂಕ ಹಿಂದಿನ ಹಂತಗಳಿಗಿಂತ ಜಾಸ್ತಿ.

ಮಸುಕು ತೆಗೆಯುವ ಆಯ್ಕೆಯೇ ಇಲ್ಲದಿದ್ದರೆ ಗಾಬರಿ ಬೇಡ. ಮಸುಕನ್ನು ಚಿತ್ರದಲ್ಲೇ ಬೆರೆಸಿ ಉಳಿಸುವ ಆ್ಯಪ್‌ಗಳೂ ಇವೆ. ಆಗ ಮುಂದಿನ ಹಂತವೇ ದಾರಿ.

## ಹಂತ 7: ಅದೇ ಫೋನಿನಲ್ಲಿ ತಪ್ಪನ್ನು ಮತ್ತೆ ಮಾಡಿಸಿ

ಅದೇ ಫೋನು, ಅದೇ ದೂರ, ಆದಷ್ಟು ಅದೇ ಹಿನ್ನೆಲೆ. ಅದೇ ವ್ಯಕ್ತಿ ಸಿಗದಿದ್ದರೆ ಅಂಥದೇ ಕೂದಲಿನ ಬೇರೊಬ್ಬರು ಆಗಬಹುದು. ಮೂರು ಸುತ್ತು ತೆಗೆಯಿರಿ. ಮೊದಲ ಸುತ್ತಿನಲ್ಲಿ ಫೋನನ್ನು ಮೂಲ ಫೋಟೋದಲ್ಲಿ ಹಿಡಿದ ಹಾಗೆಯೇ ಹಿಡಿಯಿರಿ. ಎರಡನೆಯದರಲ್ಲಿ ಫೋನನ್ನು ತಲೆಕೆಳಗು ಮಾಡಿ. ಮೂರನೆಯದರಲ್ಲಿ ಕಾಲು ಸುತ್ತು ತಿರುಗಿಸಿ. ಪ್ರತಿ ಸುತ್ತಿನಲ್ಲೂ ನಾಲ್ಕೈದು ಫೋಟೋ ಇರಲಿ, ಯಾಕೆಂದರೆ ಒಂದೊಂದು ಸಲ ಫೋನು ಸರಿಯಾಗಿಯೇ ಅಳೆದುಬಿಡುತ್ತದೆ.

ಎರಡು ಲೆನ್ಸಿನಿಂದ ಬಂದ ತಪ್ಪಾದರೆ, ಫೋನು ತಿರುಗಿದ ಹಾಗೆ ಪಟ್ಟಿಯೂ ಜಾಗ ಬದಲಿಸಬೇಕು. ನಾನು ಮಾಡಿದಾಗ ಮೊದಲ ಸುತ್ತಿನಲ್ಲಿ ಪಟ್ಟಿ ಎಡಗಡೆ ಬಂತು. ಫೋನು ತಲೆಕೆಳಗಾದಾಗ ಬಲಗಡೆಗೆ ಹೋಯಿತು. ಕಾಲು ಸುತ್ತು ತಿರುಗಿಸಿದಾಗ ಪಕ್ಕದ ಪಟ್ಟಿ ಸಣ್ಣದಾಗಿ, ನೆತ್ತಿಯ ಮೇಲೆ ಒಂದು ಪಟ್ಟಿ ಕಾಣಿಸಿತು. ಬಳ್ಳಿಯ ಮುಂದಿನ ಗುಂಗುರು ಮಾತ್ರ ಬಹುತೇಕ ಎಲ್ಲ ಫೋಟೋಗಳಲ್ಲೂ ಕರಗಿತ್ತು, ಯಾಕೆಂದರೆ ಅದಕ್ಕೆ ಕಾರಣ ಲೆನ್ಸಿನ ಜಾಗ ಅಲ್ಲ, ಬಣ್ಣ.

ಇಲ್ಲಿ ಆಗುವ ತಪ್ಪು ಎಂದರೆ ಬೇರೆ ಫೋನಿನಲ್ಲಿ ಪ್ರಯೋಗ ಮಾಡಿ, ‘ನನ್ನ ಫೋನಿನಲ್ಲಿ ಹೀಗೆ ಬರುವುದಿಲ್ಲ’ ಅನ್ನುವುದು. ಲೆನ್ಸುಗಳ ಜಾಗ ಬೇರೆ, ತಂತ್ರಾಂಶ ಬೇರೆ. ಅದೇ ಮಾದರಿಯ ಫೋನಿನಲ್ಲೂ ತಂತ್ರಾಂಶ ಅಪ್‌ಡೇಟ್ ಆಗಿದ್ದರೆ ಫಲಿತಾಂಶ ಬದಲಾಗಬಹುದು. ಅದಕ್ಕೇ ಎರಡನೇ ಹಂತದಲ್ಲಿ `Software` ಸಾಲನ್ನೂ ಕೇಳಿದ್ದು.

## ಹಂತ 8: ನಾಯ್ಸ್ ಮತ್ತು ಎರರ್ ಲೆವೆಲ್ ಪರೀಕ್ಷೆಯ ಬಲೆ

ಚಿತ್ರ ಹಾಕಿದರೆ ಕಪ್ಪು ಹಿನ್ನೆಲೆಯ ಮೇಲೆ ಹೊಳೆಯುವ ಅಂಚುಗಳನ್ನು ತೋರಿಸುವ ‘ಎರರ್ ಲೆವೆಲ್ ಅನಾಲಿಸಿಸ್’ ಸಾಧನಗಳು ಸುಲಭವಾಗಿ ಸಿಗುತ್ತವೆ. ಪೋರ್ಟ್ರೇಟ್ ಫೋಟೋ ಹಾಕಿ ನೋಡಿದರೆ ಮನುಷ್ಯ ಹೊಳೆಯುತ್ತಾನೆ, ಹಿನ್ನೆಲೆ ಕಪ್ಪಾಗುತ್ತದೆ, ನಡುವೆ ಕತ್ತರಿ ಆಡಿಸಿದ ಹಾಗೆ ಗೆರೆ. ಎಷ್ಟೋ ಜನ ಇದನ್ನೇ ಕೊನೆಯ ಸಾಕ್ಷಿ ಎಂದು ತೋರಿಸುತ್ತಾರೆ.

ಇದು ಹಾಗೆಯೇ ಬರಬೇಕಾದದ್ದು. ಆ ಸಾಧನ ಚಿತ್ರವನ್ನು ಇನ್ನೊಮ್ಮೆ ಕುಗ್ಗಿಸಿ ಎಲ್ಲಿ ಎಷ್ಟು ಬದಲಾಯಿತು ಎಂದು ನೋಡುತ್ತದೆ. ವಿವರ ಜಾಸ್ತಿ ಇರುವ ಕಡೆ ಬದಲಾವಣೆ ಜಾಸ್ತಿ, ನುಣುಪಾದ ಕಡೆ ಕಡಿಮೆ. ಮಸುಕು ಬಳಿದ ಜಾಗ ನುಣುಪಾಗಿಯೇ ಇರುತ್ತದೆ. ನಾಯ್ಸ್ ಕೂಡ ಹಾಗೆಯೇ. ಕ್ಯಾಮೆರಾದ ಸಹಜವಾದ ಕಾಳು ಕಾಳು ಮುಖದಲ್ಲಿ ಉಳಿಯುತ್ತದೆ, ಹಿನ್ನೆಲೆಯಲ್ಲಿ ಮಸುಕಿನ ಜೊತೆ ಅಳಿಸಿಹೋಗುತ್ತದೆ. ಅಂದರೆ ಈ ಪರೀಕ್ಷೆ ಡೆಪ್ತ್ ಮ್ಯಾಪಿನ ಅಂಚನ್ನೇ ಮತ್ತೆ ತೋರಿಸುತ್ತಿದೆ. ಇದರಲ್ಲಿ ನಂಬಿಕೆ ಬಾರದಿದ್ದರೆ ಏಳನೇ ಹಂತದಲ್ಲಿ ನೀವೇ ತೆಗೆದ ಫೋಟೋವನ್ನು ಅದಕ್ಕೆ ಹಾಕಿ ನೋಡಿ. ಅದೇ ಗೆರೆ ಬರುತ್ತದೆ.

## ನಿಜಕ್ಕೂ ನಿಂತು ನೋಡಬೇಕಾದ ಗುರುತುಗಳು

ಮಸುಕು ಬದಲಿಸಲಾಗದ ವಿಷಯಗಳನ್ನು ನೋಡಿ. ಮುಖದ ಮೇಲೆ ಬೆಳಕು ಒಂದು ಕಡೆಯಿಂದ, ಗೋಡೆಯ ಮೇಲಿನ ನೆರಳು ಇನ್ನೊಂದು ಕಡೆಯಿಂದ ಬಂದಿದೆಯಾ? ಪಾದ ನೆಲ ಮುಟ್ಟಿದ ಕಡೆ ನೆರಳೇ ಇಲ್ಲವಾ? ಮಸುಕು ತೆಗೆದ ಪ್ರತಿಯಲ್ಲೂ ಕೂದಲಿನ ಅಂಚು ಕತ್ತರಿಸಿದ ಹಾಗೆಯೇ ಇದೆಯಾ? ಗೋಡೆಯಲ್ಲಿ ಒಂದೇ ಕಲೆ ಎರಡು ಕಡೆ ಅಚ್ಚೊತ್ತಿದ ಹಾಗೆ ಬಂದಿದೆಯಾ? ಹೊಂದದ ಬಣ್ಣದ ಅಂಚು ಇದೆಯಾ? ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಸಿಕ್ಕರೆ ಆಗ ಕೂದಲನ್ನು ಮರೆತು ಅವುಗಳ ಬೆನ್ನು ಹಿಡಿಯಿರಿ.

## ಹಂತ 9: ಕಂಡದ್ದನ್ನು ಬರೆಯುವುದು

‘ಅಸಲಿ’, ‘ನಕಲಿ’ ಎಂಬ ಪದಗಳನ್ನು ಬಿಟ್ಟು ಬರೆಯಿರಿ. ಕೇಳಿದ್ದು ಯಾವ ಗುರುತಿನ ಬಗ್ಗೆಯೋ ಅದಕ್ಕೆ ಮಾತ್ರ ಉತ್ತರ ಕೊಡಿ. ಒಬ್ಬ ವ್ಯಕ್ತಿಯ ಮಾತಿನ ಮೇಲಿನ ನಂಬಿಕೆ ಇದರ ಮೇಲೆ ನಿಂತಿರುತ್ತದೆ, ಹಾಗಾಗಿ ಒಂದೊಂದು ಪದವನ್ನೂ ತೂಗಿ ಹಾಕಿ. ಹುಡುಗಿಯ ಫೋಟೋ ಬಗ್ಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

“ಫೋನಿನಿಂದ ನೇರವಾಗಿ ಪಡೆದ ಫೈಲನ್ನು ನೋಡಿದ್ದೇನೆ. ಹಿನ್ನೆಲೆಯ ಮಸುಕು ಪೋರ್ಟ್ರೇಟ್ ಮೋಡ್‌ನದು. ಎಡಗಡೆ ಉಳಿದ ಸ್ಪಷ್ಟ ಪಟ್ಟಿಯಲ್ಲಿ ಕಾಣುವುದು ಅದೇ ಗೋಡೆ. ಐದು ಗಾರೆಯ ಗೆರೆಗಳು ಪಟ್ಟಿಯಿಂದ ಮಸುಕಿನೊಳಗೆ ನೇರವಾಗಿ ಮುಂದುವರಿದಿವೆ. ಬಲಗಡೆ ಕಾಣೆಯಾದ ಕೂದಲಿನ ತುದಿಗಳು ಮಸುಕಿಲ್ಲದ ಪ್ರತಿಯಲ್ಲಿ ಪೂರ್ತಿ ಇವೆ. ಅದೇ ಫೋನನ್ನು ತಿರುಗಿಸಿ ತೆಗೆದಾಗ ಇಂಥದೇ ಪಟ್ಟಿ ಜಾಗ ಬದಲಿಸಿ ಬಂದಿದೆ. ವೃತ್ತ ಹಾಕಿ ತೋರಿಸಿದ ಎರಡೂ ಗುರುತುಗಳು ದೂರ ಅಳೆಯುವಾಗ ಆದ ತಪ್ಪುಗಳು. ಅಂಟಿಸಿದ್ದಕ್ಕೆ ಇವು ಸಾಕ್ಷಿಯಾಗುವುದಿಲ್ಲ. ಫೋಟೋ ಯಾವ ದಿನ ತೆಗೆದದ್ದು ಎಂಬುದನ್ನು ಈ ಪರೀಕ್ಷೆಯಲ್ಲಿ ನೋಡಿಲ್ಲ.”

ಜೊತೆಗೆ ಮೂರು ಚಿತ್ರ ಇಟ್ಟೆ. ಸುರುಳಿಯ ತೂತಿನ ಗಾರೆಯ ಗೆರೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದ್ದು ಒಂದು, ಮಸುಕು ತೆಗೆದ ಮೇಲೆ ಅದೇ ಜಾಗ ಇನ್ನೊಂದು, ಫೋನು ತಲೆಕೆಳಗಾಗಿ ಹಿಡಿದಾಗ ಪಟ್ಟಿ ಬಲಕ್ಕೆ ಹೋದದ್ದು ಮೂರನೆಯದು. ವೃತ್ತ ಎಳೆದವರು ಮೊದಲು ಕೇಳಿದ್ದು ಮೂರನೇ ಚಿತ್ರದ ಬಗ್ಗೆ. ಮರುದಿನ ಅವರು ತಮ್ಮ ಫೋನಿನಲ್ಲೇ ತೆಗೆದ ಎರಡು ಫೋಟೋ ಕಳಿಸಿದರು. ಒಂದರಲ್ಲಿ ಪಟ್ಟಿ ತಲೆಯ ಎಡಕ್ಕಿತ್ತು, ಇನ್ನೊಂದರಲ್ಲಿ ಬಲಕ್ಕೆ.